ಬೆಂಗಳೂರಿನ ಹೊತ್ತು ಬೆಳಗಾವಿಗೆ ಆಗದು



ಈ ಸಲ ಅಡಿಗೆಮನೆಯ ಮಾತನ್ನು ಗಡಿಯಾರದಿಂದ ಶುರು ಮಾಡುತ್ತೇನೆ. ನಮ್ಮ ಶಿವಬಸವ ನಗರದ ಮನೆಗೂ ನಾಗನೂರು ರುದ್ರಾಕ್ಷಿ ಮಠಕ್ಕೂ ಹೆಚ್ಚು ದೂರವಿಲ್ಲ. ಶ್ರಾವಣ ಬಂತೆಂದರೆ ನಾವೂ ಸೋಮವಾರ ಒಪ್ಪತ್ತು ಇರುವವರೇ. ಆದರೆ ನಮ್ಮ ಒಪ್ಪತ್ತಿಗೆ ನಿಮಿಷದ ಲೆಕ್ಕ ಇಲ್ಲ ನೋಡಿ. ಸಂಜೆ ಪೂಜೆ ಮುಗಿದ ಮೇಲೆ ಎಲೆ ಹಾಕಿದರಾಯಿತು, ಐದು ನಿಮಿಷ ಹಿಂದಾದರೂ ಮುಂದಾದರೂ ಯಾರೂ ಕೇಳುವವರಿಲ್ಲ. ಪಕ್ಕದ ಮನೆಯವರ ರಂಜಾನ್ ರೋಜಾಕ್ಕೆ ಹಾಗಲ್ಲ. ಬೆಳಗಿನ ಜಾವ ಇಂಥ ಹೊತ್ತಿಗೆ ಬಾಯಿ ಕಟ್ಟಬೇಕು, ಸಂಜೆ ಸೂರ್ಯ ಮುಳುಗಿದ ಮೇಲೆಯೇ ಖರ್ಜೂರ ಬಾಯಿಗಿಡಬೇಕು. ನಡುವೆ ಒಂದು ಗುಟುಕು ನೀರೂ ಇಲ್ಲ. ಅಲ್ಲಿ ನಿಮಿಷಕ್ಕೆ ಬೆಲೆಯಿದೆ.

ಪಕ್ಕದ ಮನೆಯ ಹುಡುಗಿ ಕಾಲೇಜಿಗೆ ಹೋಗುವವಳು, ಚುರುಕು. 2025ರ ರಂಜಾನ್ ತಿಂಗಳಲ್ಲಿ ಅವಳು ದಿನಕ್ಕೊಂದು ಚಿಕ್ಕ ವಿಡಿಯೋ ಮಾಡಿ ಬಂಧುಬಳಗದ ಮೊಬೈಲುಗಳಿಗೆ ಕಳಿಸತೊಡಗಿದಳು. ಒಂದು ನಿಮಿಷದ್ದು. ಅವಳ ದಾದಿಯ ಬಾಯಿಂದ ಒಂದು ಒಳ್ಳೆಯ ಮಾತು, ಕೆಳಗೆ ಎರಡು ಸಾಲಿನ ಬರಹ: ಇಂದು ಎಷ್ಟನೆಯ ರೋಜಾ, ಸಹರಿ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಇಫ್ತಾರ್ ಎಷ್ಟು ಹೊತ್ತಿಗೆ. ಅದರ ಜೊತೆಗೆ ಎಲ್ಲರಿಗೂ ಮೇಲೆಯೇ ಕಾಣುವಂತೆ, ತಿಂಗಳಿಡೀ ಕದಲದೆ ಇರುವಂತೆ ಪಿನ್ ಮಾಡಿಟ್ಟ ಒಂದು ಸೂಚನೆ. ನೆನಪಿಸುವ ಕೆಲಸ, ಪುಣ್ಯದ್ದೇ. ಆದರೆ ಮೊದಲ ದಿನವೇ ಎಡವಟ್ಟಾಯಿತು.

ಅವತ್ತು ಮಾರ್ಚ್ 2, ಭಾನುವಾರ, ಮೊದಲ ರೋಜಾ. ಖಾನಾಪುರದಲ್ಲಿ ಅವಳ ಖಾಲಾ ಇದ್ದಾರೆ, ತಾಯಿಯ ಅಕ್ಕ. ಊರಿನಿಂದ ಸ್ವಲ್ಪ ಹೊರಗೆ, ಕಾಡಿನಂಚಿಗೆ ಮನೆ, ಮಸೀದಿಯ ಅಜಾನ್ ಅಲ್ಲಿಗೆ ಸರಿಯಾಗಿ ಕೇಳಿಸದು. ಅವರು ವಿಡಿಯೋದ ಕೆಳಗಿನ ಸಾಲು ನೋಡಿಕೊಂಡು 6 ಗಂಟೆ 29 ನಿಮಿಷಕ್ಕೆ ರೋಜಾ ಬಿಟ್ಟರು. ಹೊರಗೆ ನೋಡಿದರೆ ಸೂರ್ಯ ಮರಗಳ ಹಿಂದೆ ಇಳಿದಿದ್ದ, ಅನುಮಾನ ಬರಲಿಲ್ಲ. ಹಣ್ಣು ತಿಂದು, ಭಜಿ ತಿಂದು, ನೀರು ಕುಡಿದು ಕೈ ತೊಳೆಯುವ ಹೊತ್ತಿಗೆ ಪೇಟೆಯಿಂದ ಮಗ ಬಂದು, "ಅಮ್ಮಿ, ಅಜಾನ್ ಈಗರೆ ಆತು" ಅಂದ. ಅಂದರೆ ಹನ್ನೊಂದು ನಿಮಿಷ ಮೊದಲೇ ರೋಜಾ ಬಿಟ್ಟ ಹಾಗಾಯಿತು! ಮೌಲಾನಾ ಅವರನ್ನು ಕೇಳಿದ್ದಕ್ಕೆ, ತಿಳಿಯದೆ ಆದದ್ದು, ಅದಕ್ಕೆ ದಂಡವಿಲ್ಲ, ಆದರೆ ಆ ಒಂದು ದಿನದ ರೋಜಾ ಹಬ್ಬವಾದ ಮೇಲೆ ಮತ್ತೆ ಇಟ್ಟು ತೀರಿಸಬೇಕು ಅಂದರಂತೆ. ಖಾಲಾ ಬೈಯಲಿಲ್ಲ, ಆದರೆ ಎರಡು ದಿನ ಮಾತಾಡಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಹುಡುಗಿ ಮುಖ ಸಣ್ಣ ಮಾಡಿಕೊಂಡು ನಮ್ಮ ಪಡಸಾಲೆಗೆ ಬಂದಳು. "ಕಾಕೂ, ನಾ ಏನ್ ತಪ್ಪ ಮಾಡೇನ್ರೀ? ಕಾರ್ಡ್‌ನ್ಯಾಗ ಇದ್ದದ್ದನ್ನ ಬರದೇನಿ" ಅಂದಳು. ಯಾವ ಊರಿನ ಕಾರ್ಡು ಎಂದು ಕೇಳಿದೆ. ಬೆಂಗಳೂರಿನಲ್ಲಿರುವ ಮಾಮು ಕಳಿಸಿದ್ದು. ತಪ್ಪು ಅಲ್ಲಿಯೇ ಇತ್ತು. ಕಾರ್ಡು ಸರಿಯಾದದ್ದೇ, ಬೆಂಗಳೂರಿಗೆ.

ಸೋದರಿಯರೇ, ಒಂದೇ ರಾಜ್ಯ, ಒಂದೇ ಗಡಿಯಾರ, ಆದರೆ ಸೂರ್ಯ ಒಂದೇ ಸಲ ಎಲ್ಲ ಊರಲ್ಲೂ ಮುಳುಗುವುದಿಲ್ಲ. ಭೂಮಿ ಇಪ್ಪತ್ನಾಲ್ಕು ಗಂಟೆಯಲ್ಲಿ ಒಂದು ಸುತ್ತು, ಅಂದರೆ 360 ಡಿಗ್ರಿ ತಿರುಗುತ್ತದೆ. ಭಾಗಿಸಿ ನೋಡಿದರೆ ಒಂದು ಡಿಗ್ರಿಗೆ ನಾಲ್ಕು ನಿಮಿಷ. ಬೆಂಗಳೂರು ಸುಮಾರು 77.6 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ನಮ್ಮ ಬೆಳಗಾವಿ 74.5ರಲ್ಲಿ. ಮೂರು ಡಿಗ್ರಿಗೆ ಸ್ವಲ್ಪ ಹೆಚ್ಚು ಪಶ್ಚಿಮಕ್ಕೆ ನಾವಿದ್ದೇವೆ, ಹಾಗಾಗಿ ಸೂರ್ಯ ಅಲ್ಲಿ ಮುಳುಗಿ ಹನ್ನೆರಡು ನಿಮಿಷದ ಸುಮಾರಿಗೆ ನಮ್ಮಲ್ಲಿ ಮುಳುಗುತ್ತಾನೆ. ಊರು ದಕ್ಷಿಣಕ್ಕಿದೆಯೋ ಉತ್ತರಕ್ಕಿದೆಯೋ ಅನ್ನುವುದರಿಂದ ಇದರಲ್ಲಿ ಒಂದೆರಡು ನಿಮಿಷ ಕಡಿಮೆ ಹೆಚ್ಚಾಗುತ್ತದೆ. ಆ ಮಾರ್ಚ್ 2ರಂದು ಬೆಂಗಳೂರಿನಲ್ಲಿ ಸೂರ್ಯಾಸ್ತ 6-29ಕ್ಕೆ, ಬೆಳಗಾವಿಯಲ್ಲಿ 6-40ಕ್ಕೆ. ಖಾನಾಪುರ ನಮಗಿಂತ ದಕ್ಷಿಣಕ್ಕಿದ್ದರೂ ಹೆಚ್ಚುಕಡಿಮೆ ಅದೇ ರೇಖಾಂಶದ ಊರು, ಹಾಗಾಗಿ ಬೆಳಗಾವಿಯ ಹೊತ್ತೇ ಅದಕ್ಕೂ ನಡೆಯುತ್ತದೆ.

ಹಾಗಿದ್ದರೆ ಬೆಳಿಗ್ಗೆಯೂ ತಪ್ಪಾಗಿರಬೇಕಲ್ಲ, ಯಾರಿಗೂ ಗೊತ್ತಾಗಲಿಲ್ಲ ಏಕೆ ಎಂದು ನೀವು ಕೇಳಬಹುದು. ತಪ್ಪಾಗಿತ್ತು. ಅಂದು ಬೆಂಗಳೂರಿನ ಉಷೆ 5-24ರ ಸುಮಾರಿಗೆ, ನಮ್ಮದು 5-38ಕ್ಕೆ. ಖಾಲಾ ಬೆಂಗಳೂರಿನ ಹೊತ್ತಿಗೆ ತಟ್ಟೆ ಎತ್ತಿಟ್ಟರು, ಅಂದರೆ ಬೇಕಾದದ್ದಕ್ಕಿಂತ ಸುಮಾರು ಕಾಲು ಗಂಟೆ ಮೊದಲೇ ಬಾಯಿ ಕಟ್ಟಿದರು. ಅದರಿಂದ ರೋಜಾಕ್ಕೆ ಕುಂದಿಲ್ಲ, ಅವರ ಒಂದು ಲೋಟ ನೀರು ತಪ್ಪಿತು ಅಷ್ಟೇ. ಪೂರ್ವದ ಊರಿನ ಪಟ್ಟಿ ತಂದುಕೊಂಡರೆ ಬೆಳಿಗ್ಗೆ ನಿಭಾಯಿಸುತ್ತದೆ, ಸಂಜೆ ಕೆಡಿಸುತ್ತದೆ. ಪಶ್ಚಿಮದ ಊರಿನದಾದರೆ ಇದಕ್ಕೆ ಉಲ್ಟಾ. ಬೆಳಗಾವಿಯ ಎಷ್ಟೋ ಮನೆಗಳಿಗೆ ಮುಂಬಯಿಯ ನೆಂಟಸ್ತಿಕೆ ಇದೆಯಲ್ಲ, ಅಲ್ಲಿಂದಲೂ ಚೆಂದದ ಬಣ್ಣದ ಕಾರ್ಡುಗಳು ಬರುತ್ತವೆ. ಮುಂಬಯಿ ನಮಗಿಂತ ಪಶ್ಚಿಮಕ್ಕೆ. ಅದೇ ದಿನ ಅಲ್ಲಿ ಸಹರಿ 5-44ರವರೆಗೆ. ಅದನ್ನು ನಂಬಿ ಬೆಳಗಾವಿಯಲ್ಲಿ ಕೊನೆಯ ತುತ್ತು ತಿಂದರೆ ಉಷೆ ಕಳೆದು ಆರು ನಿಮಿಷವಾಗಿರುತ್ತದೆ. ಇದು ಸಂಜೆಯ ತಪ್ಪಿಗಿಂತ ಕೆಟ್ಟದ್ದು, ಏಕೆಂದರೆ ಕತ್ತಲಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ, ತಿಂಗಳಿಡೀ ನಡೆದೇ ಹೋಗುತ್ತದೆ.

ಖಾಲಾ ಸೂರ್ಯನನ್ನು ನೋಡಿಯೂ ಮೋಸಹೋದರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಖಾನಾಪುರದ ಕಡೆ ಪಶ್ಚಿಮಕ್ಕೆ ಘಟ್ಟ, ಗುಡ್ಡ, ದಟ್ಟ ಮರ. ಸೂರ್ಯ ಗುಡ್ಡದ ಹಿಂದೆ ಹೋದದ್ದು ಮುಳುಗಿದಂತಲ್ಲ. ಬಯಲಿನಲ್ಲಿ ನಿಂತು ನೋಡಿದರೆ ಅವನು ಇನ್ನೂ ಮೇಲೆಯೇ ಇರುತ್ತಾನೆ. ಹಿತ್ತಲಿನ ತೆಂಗಿನ ಗರಿಯ ತುದಿಗೋ ನೀರಿನ ಟ್ಯಾಂಕಿನ ನೆತ್ತಿಗೋ ಇನ್ನೂ ಹೊಂಬಿಸಿಲು ಅಂಟಿಕೊಂಡಿದೆಯೇ ನೋಡಿ. ಅಂಟಿದ್ದರೆ ಸೂರ್ಯ ಮುಳುಗಿಲ್ಲ.

ಸರಿ, ಮಸೀದಿಯಿಂದ ಬೆಳಗಾವಿಯದೇ ವೇಳಾಪಟ್ಟಿ ತಂದುಕೊಂಡಳು ಹುಡುಗಿ. ಇನ್ನು ಸುಗಮ ಎಂದುಕೊಂಡೆವು. ಎರಡನೆಯ ವಾರದಲ್ಲಿ ನಾನೇ ಒಂದು ರಾತ್ರಿ ಅವಳ ಬರಹ ಓದುವಾಗ ಏನೋ ಕಸಿವಿಸಿಯಾಯಿತು. ಸಹರಿ ಇನ್ನೂ 5-38 ಎಂದೇ ಇದೆ! ಕೇಳಿದರೆ, ನಿನ್ನೆಯ ಸಾಲನ್ನೇ ನಕಲು ಮಾಡಿ ತಾರೀಖು ಬದಲಿಸಿ ಕಳಿಸುತ್ತಿದ್ದಾಳೆ. "ಇಫ್ತಾರ್ ಟೈಮ್ ಬದಲಾಗೂದs ಇಲ್ಲರೀ ಕಾಕೂ, ಅದೇ ಆರೂ ನಲವತ್ತು. ಹಂಗs ಸಹರಿನೂ ಇರ್ತೈತಿ ಅನಕೊಂಡೆ" ಅಂದಳು.

ಅವಳ ಮಾತಿನಲ್ಲಿ ಅರ್ಧ ನಿಜವಿತ್ತು, ಅದೇ ಅವಳನ್ನು ಕೆಡಿಸಿದ್ದು. ನಾವಿಬ್ಬರೂ ಪಟ್ಟಿ ಹಾಸಿಕೊಂಡು ಕೂತು ನೋಡಿದೆವು. ಬೆಳಗಾವಿಯಲ್ಲಿ ಆ ತಿಂಗಳ ಸಂಜೆಗಳು: ಮಾರ್ಚ್ 2ಕ್ಕೆ 6-40, 12ಕ್ಕೆ 6-42, 20ಕ್ಕೆ 6-43, 30ಕ್ಕೆ 6-44. ತಿಂಗಳಿಡೀ ಬರೀ ನಾಲ್ಕು ನಿಮಿಷ. ಬೆಳಗುಗಳು ನೋಡಿ: 2ಕ್ಕೆ 5-38, 12ಕ್ಕೆ 5-31, 20ಕ್ಕೆ 5-25, 30ಕ್ಕೆ 5-17. ಒಂದೇ ತಿಂಗಳಲ್ಲಿ ಇಪ್ಪತ್ತೊಂದು ನಿಮಿಷ ಹಿಂದಕ್ಕೆ ಸರಿಯಿತು. ಹನ್ನೊಂದನೆಯ ರೋಜಾದಲ್ಲಿ ಮೊದಲ ದಿನದ ಸಾಲು ನಂಬಿದವರು ಉಷೆ ಕಳೆದು ಏಳು ನಿಮಿಷ ಉಣ್ಣುತ್ತಿರುತ್ತಾರೆ. ಪುಣ್ಯಕ್ಕೆ ಅವಳ ಕಡೆಯವರು ಬಹಳ ಮಂದಿ ಸೈರನ್ ಕೇಳಿಯೇ ನಿಲ್ಲಿಸುವವರು.

ಸಂಜೆ ಯಾಕೆ ನಿಂತಲ್ಲೇ ನಿಂತಿತು, ಬೆಳಿಗ್ಗೆ ಮಾತ್ರ ಯಾಕೆ ಓಡಿತು? ಇದನ್ನು ಅರ್ಥ ಮಾಡಿಕೊಳ್ಳಲು ನನಗೇ ಎರಡು ಕಪ್ ಚಹಾ ಬೇಕಾಯಿತು. ಮಾರ್ಚಿಯಲ್ಲಿ ಹಗಲು ದೊಡ್ಡದಾಗುತ್ತಾ ಹೋಗುತ್ತದೆ. ಹಾಗಾಗಿ ಬೆಳಗು ಬೇಗ ಆಗಬೇಕು, ಸಂಜೆ ತಡವಾಗಬೇಕು. ಅದರ ಜೊತೆಗೆ ಇನ್ನೊಂದು ನಡೆಯುತ್ತಿರುತ್ತದೆ: ಸೂರ್ಯ ನೆತ್ತಿಗೆ ಬರುವ ನಡುಮಧ್ಯಾಹ್ನವೇ ನಮ್ಮ ಗಡಿಯಾರದ ಲೆಕ್ಕದಲ್ಲಿ ದಿನದಿನ ಸ್ವಲ್ಪ ಬೇಗ ಆಗುತ್ತದೆ. ಬೆಳಗಾವಿಯಲ್ಲಿ ಮಾರ್ಚ್ ಮೊದಲಿಗೆ ಸೂರ್ಯ ನೆತ್ತಿಗೆ ಬರುವುದು 12-44ಕ್ಕೆ, ತಿಂಗಳ ಕೊನೆಗೆ 12-36ಕ್ಕೆ. ಇಡೀ ದಿನವನ್ನೇ ಯಾರೋ ಚಾಪೆಯಂತೆ ಎಂಟು ನಿಮಿಷ ಹಿಂದಕ್ಕೆ ಎಳೆದ ಹಾಗೆ. ಹಗಲು ಬೆಳೆದದ್ದೂ ಚಾಪೆ ಎಳೆದದ್ದೂ ಬೆಳಗಿನ ತುದಿಯಲ್ಲಿ ಒಂದಕ್ಕೊಂದು ಕೂಡಿದವು. ಸಂಜೆಯ ತುದಿಯಲ್ಲಿ ಒಂದನ್ನೊಂದು ಕಳೆದವು. ಆದ್ದರಿಂದ ಇಫ್ತಾರ್ ಅಲ್ಲಾಡದ ಹಾಗೆ ಕಂಡಿತು, ಸಹರಿ ಮಾತ್ರ ಯಾರಿಗೂ ಹೇಳದೆ ಸರಿಯಿತು. ರೋಜಾದ ಉದ್ದವೂ ಹದಿಮೂರು ಗಂಟೆ ಎರಡು ನಿಮಿಷದಿಂದ ಹದಿಮೂರು ಗಂಟೆ ಇಪ್ಪತ್ತೇಳು ನಿಮಿಷಕ್ಕೆ ಹೋಯಿತು.

ಇಲ್ಲಿ ಒಂದು ಮಾತು. ನಾನು ಕೊಟ್ಟ ಬೆಳಗಿನ ಹೊತ್ತುಗಳು ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿರುವಾಗ ಉಷೆ ಎನ್ನುವ ಲೆಕ್ಕದವು. ಮಸೀದಿಗಳ ಪಟ್ಟಿಯಲ್ಲಿ ಎಚ್ಚರಿಕೆಗೆಂದು ಕೆಲವು ನಿಮಿಷ ಮೊದಲೇ ಸಹರಿ ಮುಗಿಸಿರುವುದುಂಟು, ಸಂಜೆ ಒಂದೆರಡು ನಿಮಿಷ ತಡ ಮಾಡಿರುವುದುಂಟು. ನಿಮ್ಮ ಮೊಹಲ್ಲಾದ ಮಸೀದಿ ಯಾವುದನ್ನು ಪಾಲಿಸುತ್ತದೋ ಅದೇ ನಿಮಗೆ ಪ್ರಮಾಣ. ಎರಡು ಪಟ್ಟಿಗಳ ನಡುವೆ ಎರಡು ಮೂರು ನಿಮಿಷದ ಅಂತರ ಕಂಡರೆ ಗಾಬರಿ ಬೇಡ. ಏಳು, ಹತ್ತು, ಹನ್ನೆರಡು ನಿಮಿಷ ಕಂಡರೆ ಮಾತ್ರ ಅದು ಬೇರೆ ಊರಿನ ಪಟ್ಟಿ ಎಂದು ತಿಳಿಯಿರಿ. ರಂಜಾನ್ ವರ್ಷವರ್ಷವೂ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುವುದರಿಂದ ಹಳೆಯ ವರ್ಷದ ಕಾರ್ಡು ಗೋಡೆಯ ಮೇಲೆ ಎಷ್ಟು ಚೆಂದ ಕಂಡರೂ ಅದರ ಸಾಲುಗಳು ಮುಂದಿನ ವರ್ಷದ ರೋಜಾಗಳಿಗೆ ಹೊಂದುವುದಿಲ್ಲ.

ಕಳಿಸುವ ಹೊತ್ತೂ ಒಂದು ಸಂಗತಿಯೇ. ಮೊದಮೊದಲು ಹುಡುಗಿ ಬೆಳಿಗ್ಗೆ ಎಂಟಕ್ಕೆ ವಿಡಿಯೋ ಬಿಡುತ್ತಿದ್ದಳು, "ಇಂದಿನ ಸಹರಿ" ಎಂದು. ಎಂಟಕ್ಕೆ ಸಹರಿ ನೆನಪಿಸಿದರೆ ಯಾರಿಗೆ ಉಪಯೋಗ? ಈಗ ರಾತ್ರಿ ತರಾವೀಹ್ ನಮಾಜು ಮುಗಿದ ಮೇಲೆ ಕಳಿಸುತ್ತಾಳೆ. ಆದರೆ ರಾತ್ರಿ ಕಳಿಸಿದ್ದನ್ನು ಕೆಲವರು ರಾತ್ರಿಯೇ ಓದುತ್ತಾರೆ, ಕೆಲವರು ಜಾವಕ್ಕೆದ್ದು ಓದುತ್ತಾರೆ. 'ನಾಳೆ' ಎಂದು ಬರೆದರೆ ಜಾವದಲ್ಲಿ ಓದಿದವರಿಗೆ ಮರುದಿನವಾಗುತ್ತದೆ. ಮೇಲಾಗಿ ಅವರ ಲೆಕ್ಕದಲ್ಲಿ ದಿನ ಶುರುವಾಗುವುದೇ ಸೂರ್ಯ ಮುಳುಗಿದ ಮೇಲೆ. ಹಾಗಾಗಿ ಇಂದು, ನಾಳೆ ಎರಡನ್ನೂ ಬಿಟ್ಟು ವಾರ ಮತ್ತು ತಾರೀಖು ಬರೆಯುವುದೇ ನೆಟ್ಟಗೆ. ಕೊನೆಗೆ ಆ ರಾತ್ರಿ ನಾವು ಕೂತು ತಿದ್ದಿದ ಸಾಲು ಹೀಗಾಯಿತು:

"ರೋಜಾ 11. ಬುಧವಾರ, ಮಾರ್ಚ್ 12. ಬೆಳಗಾವಿ ಮತ್ತು ಖಾನಾಪುರಕ್ಕೆ ಮಾತ್ರ. ಸಹರಿ ಮುಗಿಯುವುದು ಬೆಳಿಗ್ಗೆ 5-31. ಇಫ್ತಾರ್ ಸಂಜೆ 6-42. ಅಜಾನ್ ಕೇಳಿದರೆ ಅಜಾನ್‌ನಂತೆ ನಡೆಯಿರಿ."

'ಮಾತ್ರ' ಎಂಬ ಶಬ್ದ ನಾನು ಹಾಕಿಸಿದ್ದು. ಈ ವಿಡಿಯೋಗಳು ಕೈಯಿಂದ ಕೈಗೆ ಹೋಗುತ್ತವೆ, ಬೆಳಗಾವಿಯ ಸಾಲು ಕಲಬುರ್ಗಿಗೆ ಹೋಗಿ ಅಲ್ಲಿ ಇನ್ನೊಬ್ಬ ಖಾಲಾನ ಸಹರಿ ಕೆಡಬಾರದಲ್ಲ.

ಇಷ್ಟು ಹೊತ್ತಿನ ಮಾತಾಯಿತು. ಆದರೆ ನನಗೆ ಈ ಪತ್ರ ಬರೆಯಲೇಬೇಕು ಅನಿಸಿದ್ದು ಬೇರೆ ಕಾರಣಕ್ಕೆ.

ಹದಿನೈದನೆಯ ರೋಜಾದ ಆಸುಪಾಸು. ಸಂಜೆ ಐದೂವರೆ ಇರಬೇಕು. ನಾನು ಕೊತ್ತಂಬರಿ ಕೊಡಲು ಪಕ್ಕದ ಮನೆಗೆ ಹೋದೆ. ದಾದಿ ಗೋಡೆಗೆ ಆತು ಕುಳಿತಿದ್ದರು. ಹಣೆ, ಕುತ್ತಿಗೆ ಎಲ್ಲ ಬೆವರು. ಫ್ಯಾನು ತಿರುಗುತ್ತಿದೆ, ಆದರೂ ಬೆವರು. ಕೈ ನಡುಗುತ್ತಿದೆ. "ಏನಾಗೇತ್ರೀ ಅಮ್ಮಾ?" ಅಂದರೆ, "ಏನಿಲ್ಲ ಬೇಟಿ, ಸುಸ್ತಾಗೇದ, ಒಂದ್ ತಾಸ್ ತಡದ್ರ ಆತು" ಅಂದರು. ಅವರಿಗೆ ಸಕ್ಕರೆ ಕಾಯಿಲೆ, ಗ್ಲಿಮೆಪಿರೈಡ್ ಗುಳಿಗೆ ನುಂಗುವವರು. ಸೊಸೆ ಬೆರಳು ಚುಚ್ಚಿ ನೋಡಿದಳು: 58. ರೋಜಾ ಬಿಡಿರಿ ಅಂದರೆ ದಾದಿ ಒಪ್ಪಲೊಲ್ಲರು. ಏಕೆ ಗೊತ್ತೇ? ಹಿಂದಿನ ದಿನದ ವಿಡಿಯೋದಲ್ಲಿ ಅವರೇ ಹೇಳಿದ್ದ ಮಾತು, ಮೊಮ್ಮಗಳು ಕೆಳಗೆ ದೊಡ್ಡಕ್ಷರದಲ್ಲಿ ಬರೆದಿದ್ದಳು: "ಕೊನೆಯ ಒಂದು ಗಂಟೆಯೇ ಪರೀಕ್ಷೆ. ಏನಾದರೂ ರೋಜಾ ಬಿಡಬೇಡಿ." ಮಂದಿಗೆ ಹೇಳಿ ತಾನೇ ಬಿಟ್ಟರೆ ಹೇಗೆ ಎನ್ನುವ ಸಂಕೋಚ ಮುದುಕಿಗೆ.

ಸೊಸೆ ಗಟ್ಟಿಗಿತ್ತಿ. ಮೂರು ಚಹಾ ಚಮಚ ಸಕ್ಕರೆ ಅರ್ಧ ಲೋಟ ನೀರಿಗೆ ಹಾಕಿ ಕಲಸಿ, "ಅಮ್ಮೀ, ಇದು ನಂದು ಗುನ್ನಾ ಆಗಲಿ" ಎಂದು ಕುಡಿಸಿಯೇಬಿಟ್ಟಳು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದರೆ 92. ಆಮೇಲೆ ಎರಡು ಬಿಸ್ಕೀಟು, ಹಾಲು. ಬೆವರು ಇಳಿಯಿತು, ಮಾತು ನೆಟ್ಟಗಾಯಿತು. ಮರುದಿನ ಮೌಲಾನಾ ಹೇಳಿದ್ದು ಕೇಳಿ ದಾದಿಯ ಮನಸ್ಸೂ ತಣ್ಣಗಾಯಿತು. ಕಾಯಿಲೆಯವರು ಮತ್ತು ಪ್ರಯಾಣದಲ್ಲಿ ಇರುವವರು ಬೇರೆ ದಿನಗಳಲ್ಲಿ ತೀರಿಸಬಹುದೆಂದು ಕುರಾನಿನ ಎರಡನೆಯ ಅಧ್ಯಾಯದಲ್ಲಿಯೇ ಇದೆ. ಮುಂದೆಂದೂ ರೋಜಾ ಇಡಲಾಗದ ವೃದ್ಧರು, ಗುಣವಾಗದ ಕಾಯಿಲೆಯವರು ಒಂದೊಂದು ರೋಜಾಕ್ಕೆ ಒಬ್ಬ ಬಡವರಿಗೆ ಊಟ ಕೊಡುತ್ತಾರೆ. ಅದಕ್ಕೆ ಫಿದ್ಯಾ ಎಂದು ಹೆಸರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಶ್ರಾವಣದ ಉಪವಾಸ ಮಾಡುವ ನಮ್ಮ ಅತ್ತೆಯಂದಿರಿಗೂ ಇದೇ ಗಂಡಾಂತರ. ಸಕ್ಕರೆ ಕಾಯಿಲೆಯ ಗುಳಿಗೆಗಳೆಲ್ಲ ಒಂದೇ ಅಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಹೊಟ್ಟೆ ಖಾಲಿಯಿದ್ದಾಗ ಸಕ್ಕರೆ ತೀರ ಇಳಿಯುವ ಭಯ ಕಡಿಮೆ. ಗ್ಲಿಮೆಪಿರೈಡ್, ಗ್ಲೈಬೆನ್‌ಕ್ಲಮೈಡ್‌ನಂಥವು ಮತ್ತು ಇನ್ಸುಲಿನ್ ಹಾಗಲ್ಲ. ನೀವು ಉಂಡಿರಿ, ಬಿಟ್ಟಿರಿ, ಅವು ತಮ್ಮ ಕೆಲಸ ಮಾಡಿ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಜಾವದಲ್ಲಿ ಉಂಡದ್ದು ಕರಗಿಹೋದ ಮೇಲೆ, ಸಂಜೆಯ ಹೊತ್ತಿಗೆ ಕೆಳಗೆ ಬೀಳುವುದು ಹೆಚ್ಚು. ದಾದಿ ಸಹರಿಗೆ ಚಹಾ ಮತ್ತು ಎರಡು ಟೋಸ್ಟ್ ತಿಂದು ಮಲಗುತ್ತಿದ್ದರಂತೆ, ಗುಳಿಗೆ ಮಾತ್ರ ಎಂದಿನಂತೆ. ಗುಳಿಗೆಯ ಪ್ರಮಾಣವನ್ನು, ಯಾವ ಹೊತ್ತಿಗೆ ನುಂಗಬೇಕೆಂಬುದನ್ನು ಡಾಕ್ಟರು ಬದಲಿಸಿ ಕೊಡುತ್ತಾರೆ. ಅದಕ್ಕೆ ರಂಜಾನ್ ಬರುವ ಆರೆಂಟು ವಾರ ಮೊದಲೇ ಹೋಗಿ ಕೇಳಬೇಕು. ನಾವೇ ಒಂದು ಗುಳಿಗೆ ಬಿಡುವುದು, ಅರ್ಧ ಮಾಡುವುದು ಸಲ್ಲದು.

ಸಕ್ಕರೆ ಇಳಿದದ್ದನ್ನು ಉಪವಾಸದ ಸುಸ್ತಿನಿಂದ ಹೇಗೆ ಬೇರೆ ಮಾಡುವುದು? ಬರೀ ಸುಸ್ತಾದವರು ಮಂಕಾಗಿ ಕುಳಿತಿರುತ್ತಾರೆ, ಮಲಗಿದರೆ ಸುಧಾರಿಸುತ್ತದೆ. ಸಕ್ಕರೆ ಇಳಿದವರಿಗೆ ತಂಪಾದ ಬೆವರು ಬರುತ್ತದೆ, ಕೈ ನಡುಗುತ್ತದೆ, ಎದೆ ಡವಡವ ಎನ್ನುತ್ತದೆ, ಸಿಟ್ಟು ಬರುತ್ತದೆ, ಕೇಳಿದ್ದಕ್ಕೆ ಏನೋ ಉತ್ತರ ಬರುತ್ತದೆ. ಆ ಹೊತ್ತಿಗೆ ಮಲಗಿಸಬೇಡಿ, ಬೆರಳು ಚುಚ್ಚಿ ನೋಡಿ. ರಕ್ತ ಪರೀಕ್ಷೆಯಿಂದ ರೋಜಾ ಮುರಿಯುವುದಿಲ್ಲ. ಇದನ್ನು ಮೌಲಾನಾ ಅವರೇ ಹೇಳಿದ್ದಾರೆ, ಬಹಳ ಮಂದಿಗೆ ಗೊತ್ತಿಲ್ಲ. 70ಕ್ಕಿಂತ ಕೆಳಗಿದ್ದರೆ ರೋಜಾ ಬಿಡಲೇಬೇಕು, ಇಫ್ತಾರಿಗೆ ಹತ್ತೇ ನಿಮಿಷ ಇದ್ದರೂ. 300 ದಾಟಿದರೂ ಬಿಟ್ಟು ಡಾಕ್ಟರಿಗೆ ತಿಳಿಸಬೇಕು. ಯಂತ್ರ ಮನೆಯಲ್ಲಿ ಇಲ್ಲವಾದರೆ ಲಕ್ಷಣ ನೋಡಿಯೇ ಸಕ್ಕರೆ ನೀರು ಕೊಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಉಸಿರಿನ ಕೊಳವೆಗೆ ಹೋದೀತು. ಅವರನ್ನು ಹೊರಳಿಸಿ ಮಗ್ಗುಲಾಗಿ ಮಲಗಿಸಿ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಸಕ್ಕರೆ ನೀರಿನಿಂದ ಸುಧಾರಿಸಿದವರಿಗೂ ಮೇಲೆ ಊಟ ಬೇಕು, ಗುಳಿಗೆಯ ಪ್ರಭಾವ ಇನ್ನೂ ಇರುವುದರಿಂದ ಮತ್ತೆ ಇಳಿಯಬಹುದು.

ದಾದಿಗೆ ಅಂದಿನಿಂದ ರೋಜಾ ನಿಂತಿತು. ಆದರೂ ಜಾವಕ್ಕೆ ಎಲ್ಲರೊಂದಿಗೆ ಎದ್ದು ಕೂರುವುದನ್ನು ಬಿಡಲಿಲ್ಲ. ಸೊಸೆ ಉಳಿದವರ ಸಹರಿಯನ್ನೂ ಬದಲಿಸಿದಳು: ಟೋಸ್ಟಿನ ಬದಲು ಜೋಳದ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಒಂದು ಬಟ್ಟಲು ಮೊಸರು. ನಿಧಾನ ಅರಗುವಂಥದ್ದು. ಉಪ್ಪಿನಕಾಯಿ ಹಪ್ಪಳ ಬೇಡವೆಂದಳು, ಮಧ್ಯಾಹ್ನ ಬಾಯಾರಿಕೆ ಅದರಿಂದಲೇ.

ಈಗ ಆ ಮೇಲೆ ಪಿನ್ ಮಾಡಿದ ಸೂಚನೆಗೆ ಬನ್ನಿ. ಮೊದಲು ಅಲ್ಲಿದ್ದದ್ದು "ಎಲ್ಲರೂ ತಪ್ಪದೆ ರೋಜಾ ಇಡಿ, ಇವತ್ತು ನಿಮ್ಮ ರೋಜಾ ಇದೆಯೇ? ಹೌದು ಎಂದು ಬರೆಯಿರಿ" ಎಂದು. ಇದನ್ನು ನೋಡಿ ನನಗೆ ಅವಳ ದೊಡ್ಡಮ್ಮನ ಮಗಳ ನೆನಪಾಯಿತು. ಹರೆಯದ ಹುಡುಗಿ. ತಿಂಗಳ ಮುಟ್ಟಿನ ದಿನಗಳಲ್ಲಿ ಹೆಂಗಸರಿಗೆ ರೋಜಾ ಇಲ್ಲ, ಆಮೇಲೆ ತೀರಿಸಿಕೊಳ್ಳುತ್ತಾರೆ. ಎಲ್ಲ ಕಾಕಾ ಮಾಮುಗಳೂ ಇರುವ ಕಡೆ ದಿನವೂ 'ಹೌದು' ಬರೆಯುತ್ತಿದ್ದವಳು ಐದು ದಿನ ಸುಮ್ಮನಾದರೆ ಮಂದಿಗೆ ಏನು ತಿಳಿದೀತು? ಅವಳು ಏನು ಮಾಡಿದಳು ಗೊತ್ತೇ, ರೋಜಾ ಇಲ್ಲದೆಯೂ 'ಹೌದು' ಎಂದು ಬರೆದಳು. ಆಮೇಲೆ ಸುಳ್ಳು ಹೇಳಿದೆನೆಂದು ಅತ್ತಳು. ಬಸುರಿಯೂ ಬಾಣಂತಿಯೂ ಹಾಗೆಯೇ, ತನಗೋ ಮಗುವಿಗೋ ತೊಂದರೆಯಾದೀತೆಂಬ ಭಯವಿದ್ದರೆ ಬಿಟ್ಟು ಮುಂದೆ ತೀರಿಸಬಹುದು. ಯಾರು ಇಟ್ಟರು, ಯಾರು ಬಿಟ್ಟರು ಎಂದು ನಾಲ್ಕು ಜನರೆದುರು ಕೇಳುವುದೇ ತಪ್ಪು ಎಂದು ಹುಡುಗಿಗೆ ನಾನು ಹೇಳಬೇಕಾಗಲಿಲ್ಲ, ಅವಳೇ ಆ ಸಾಲು ಅಳಿಸಿದಳು. ಹೊಸದಾಗಿ ಬರೆದದ್ದು ಇದು, ದಾದಿಯೇ ಓದಿ ಒಪ್ಪಿದ್ದು:

"ಇಲ್ಲಿಯ ಹೊತ್ತು ಬೆಳಗಾವಿಯ ಮಸೀದಿಯ ಪಟ್ಟಿಯದು. ಬೇರೆ ಊರಿನವರು ತಮ್ಮ ಊರಿನದನ್ನೇ ನೋಡಿ. ತಪ್ಪು ಕಂಡರೆ ನನಗೆ ಫೋನ್ ಮಾಡಿ, ಅದೇ ದಿನ ತಿದ್ದುತ್ತೇನೆ. ಕಾಯಿಲೆಯವರು, ಪ್ರಯಾಣದಲ್ಲಿರುವವರು, ಬಸುರಿ ಬಾಣಂತಿಯರು, ವೃದ್ಧರು, ರೋಜಾ ಇಲ್ಲದ ದಿನಗಳ ಹೆಂಗಸರು ಯಾರಿಗೂ ಕಾರಣ ಹೇಳಬೇಕಿಲ್ಲ. ಸಕ್ಕರೆ ಕಾಯಿಲೆಯವರಿಗೆ ಬೆವರು, ನಡುಕ ಬಂದರೆ ಬೆರಳು ಚುಚ್ಚಿ ನೋಡಿ, ಅದರಿಂದ ರೋಜಾ ಮುರಿಯದು. 70ಕ್ಕಿಂತ ಕೆಳಗಿದ್ದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿನಲ್ಲಿ ಕೊಡಿ, ಹೊತ್ತು ನೋಡಬೇಡಿ. ಮಸಲೆಗಳಿಗೆ ಮೌಲಾನಾ, ಗುಳಿಗೆಗೆ ಡಾಕ್ಟರ್."

ಆ 'ಏನಾದರೂ ಬಿಡಬೇಡಿ' ವಿಡಿಯೋವನ್ನು ಅಳಿಸಲಿಲ್ಲ. ಅದು ಆಗಲೇ ಎಷ್ಟೋ ಮೊಬೈಲುಗಳಿಗೆ ಹೋಗಿತ್ತು, ಅಳಿಸಿದರೆ ನೋಡಿದವರ ಮನಸ್ಸಿನಿಂದ ಹೋಗುತ್ತದೆಯೇ? ದಾದಿ ಮತ್ತೊಂದು ವಿಡಿಯೋದಲ್ಲಿ ಕೂತು, ತನಗೆ ಏನಾಯಿತು, ಸೊಸೆ ಹೇಗೆ ಕುಡಿಸಿದಳು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ತಿಂಗಳಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೈ ಬದಲಿಸಿದ್ದು ಅದೇ ಅಂತೆ.

ಕೊನೆಯ ವಾರಕ್ಕೆ ಇನ್ನೊಂದು ತಮಾಷೆ. ಹುಡುಗಿ ಮುಂದಾಲೋಚನೆಯಿಂದ ಮೂವತ್ತನೆಯ ರೋಜಾದ ಬರಹವನ್ನೂ ಮೊದಲೇ ತಯಾರು ಮಾಡಿಟ್ಟಿದ್ದಳು. ನಾನು ತಡೆದೆ. ಅವರ ತಿಂಗಳು ಇಪ್ಪತ್ತೊಂಬತ್ತೋ ಮೂವತ್ತೋ ಎಂದು ಚಂದ್ರನೇ ಹೇಳಬೇಕು, ಅದೂ ಇಪ್ಪತ್ತೊಂಬತ್ತನೆಯ ಸಂಜೆಯೇ. ಒಂದೇ ರಾಜ್ಯದಲ್ಲಿ ಎರಡು ಉತ್ತರ ಬರುವುದೂ ಉಂಟು. 2024ರಲ್ಲಿ ಮಂಗಳೂರು, ಉಡುಪಿಯ ಕಡೆ ಕೇರಳದ ಜೊತೆಗೆ ಏಪ್ರಿಲ್ 10ಕ್ಕೆ ಈದ್ ಆಯಿತು, ಬೆಂಗಳೂರಿನ ಕಡೆ ಏಪ್ರಿಲ್ 11ಕ್ಕೆ. ಅಂಥ ವರ್ಷ ಮಂಗಳೂರಿನ ವಿಡಿಯೋ ನೋಡಿ ಇಲ್ಲಿ ಶಾವಿಗೆ ಹುರಿದಿಟ್ಟವರ ಪಾಡು ಊಹಿಸಿ! ಹಾಗಾಗಿ ಇಪ್ಪತ್ತೊಂಬತ್ತನೆಯ ದಿನದ ಸಾಲಿಗೆ "ಚಂದ್ರದರ್ಶನದ ಸುದ್ದಿ ಮಸೀದಿಯಿಂದ ಬಂದ ಮೇಲೆ ತಿಳಿಸುತ್ತೇನೆ" ಎಂದಷ್ಟೇ ಸೇರಿಸಿದಳು.

ಮಾರ್ಚ್ 30ರ ಸಂಜೆ 6-44ಕ್ಕೆ ಇಫ್ತಾರ್ ಆಯಿತು. ನಾವೆಲ್ಲ ಮಾಳಿಗೆಗೆ ಹೋಗಿ ನಿಂತೆವು. ಪಶ್ಚಿಮಕ್ಕೆ ಮೋಡ, ನನ್ನ ಕಣ್ಣಿಗಂತೂ ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಮಸೀದಿಯಿಂದ ಸುದ್ದಿ ಬಂತು, ಮರುದಿನ ಈದ್. ಹುಡುಗಿ ಕೆಳಗಿಳಿಯುತ್ತಲೇ ಬರೆದು ಕಳಿಸಿದಳು. ಖಾನಾಪುರದ ಖಾಲಾನಿಂದ ಮೊದಲ ಉತ್ತರ ಬಂತು, ಶೀರ್ಖುರ್ಮಾಕ್ಕೆ ಎಲ್ಲರೂ ಬರಬೇಕು, ಕಾಕೂನನ್ನೂ ಕರೆದುಕೊಂಡು ಬಾ ಎಂದು. ಮೊದಲ ದಿನ ತಪ್ಪಿದ ಆ ಒಂದು ರೋಜಾವನ್ನು ಅವರು ಈದ್ ಆದ ಮೂರನೆಯ ದಿನ ಇಟ್ಟರಂತೆ, ಈ ಸಲ ಮಗ ಪೇಟೆಯಿಂದ ಅಜಾನ್ ಕೇಳಿಸುವ ಹಾಗೆ ಫೋನ್ ಹಿಡಿದು ನಿಂತಿದ್ದನಂತೆ.